ಮುಗಿದ ದೂರಿಗೆ ಒಂದು ಪುಟ: ನೀರಿನ ಬಿಲ್ಲಿನ ಪ್ರಕರಣವೊಂದರಲ್ಲಿ ಕೃತಜ್ಞತಾ ಪತ್ರ

ನೀರು ಸರಬರಾಜು ಕಚೇರಿಯಿಂದ ಬಂದ ಒಂದು ತಿಂಗಳ ಬಿಲ್ಲಿನಲ್ಲಿ ಬಳಕೆಯ ಪ್ರಮಾಣ 8,170 ಯೂನಿಟ್ ಎಂದು ನಮೂದಾಗಿತ್ತು. ಒಂದು ಯೂನಿಟ್ ಎಂದರೆ ಸಾವಿರ ಲೀಟರ್. ನಾಲ್ಕು ಜನರಿದ್ದ ಆ ಮನೆಯಲ್ಲಿ ಅಲ್ಲಿಯವರೆಗೆ ಯಾವ ತಿಂಗಳಲ್ಲೂ ಬಳಕೆ 25 ಯೂನಿಟ್ ದಾಟಿರಲಿಲ್ಲ. ಆ ಮನೆಯವರು ನಿವೃತ್ತ ಶಿಕ್ಷಕರು. ಬೀದಿಯವರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಾರೆ. ಸುತ್ತಲಿನವರಿಗೆ ಅರ್ಜಿ, ಮನವಿಗಳನ್ನು ಬರೆದುಕೊಡುವ ರೂಢಿ ನನಗಿರುವುದರಿಂದ ಅವರು ಬಿಲ್ಲನ್ನು ನನ್ನ ಬಳಿಗೆ ತಂದರು. ಎರಡು ತಿಂಗಳಲ್ಲಿ ಆ ಸಮಸ್ಯೆ ಬಗೆಹರಿಯಿತು. ಈ ಬರಹದ ವಿಷಯ ಆ ದೂರಲ್ಲ, ದೂರು ಬಗೆಹರಿದ ಮೇಲೆ ಕಚೇರಿಗೆ ಬರೆದ ಒಂದು ಪುಟದ ಪತ್ರ. ಆದರೆ ಆ ಪತ್ರದ ಒಂದೊಂದು ವಾಕ್ಯವೂ ಹಿಂದಿನ ಘಟನೆಗಳಿಂದಲೇ ಹುಟ್ಟಿದ್ದರಿಂದ, ಮೊದಲು ಅವನ್ನು ಹೇಳಬೇಕಾಗುತ್ತದೆ. ಹೆಸರು, ವಿಳಾಸಗಳನ್ನು ಮೇಷ್ಟ್ರ ಇಚ್ಛೆಯಂತೆ ಬಿಟ್ಟಿದ್ದೇನೆ.

ಮನೆಯ ಹಳೆಯ ಮೀಟರಿನ ಗಾಜು ಮಬ್ಬಾಗಿ ಅಂಕಿಗಳು ಕಾಣುತ್ತಿರಲಿಲ್ಲವಾದ್ದರಿಂದ 2023ರ ಮೇ 15ರಂದು ಕಚೇರಿಯ ಸಿಬ್ಬಂದಿ ಅದನ್ನು ತೆಗೆದು ಹೊಸದನ್ನು ಅಳವಡಿಸಿದ್ದರು. ಮೇ 3ರಂದು ಕೊನೆಯ ಬಾರಿ ಬಿಲ್ಲು ಮಾಡಿದಾಗ ಹಳೆಯ ಮೀಟರು 1846 ತೋರಿಸುತ್ತಿತ್ತು. ತೆಗೆಯುವ ದಿನ 1855 ಇತ್ತು. ಹೊಸ ಮೀಟರು 1ರಿಂದ ಆರಂಭವಾಗಿ ಜೂನ್ 3ರಂದು 16ಕ್ಕೆ ಬಂದಿತ್ತು. ಹಾಗಾಗಿ ಆ ತಿಂಗಳ ನಿಜವಾದ ಬಳಕೆ ಹಳೆಯದರಲ್ಲಿ 9, ಹೊಸದರಲ್ಲಿ 15, ಒಟ್ಟು 24 ಯೂನಿಟ್. ಆದರೆ ಮೀಟರ್ ಬದಲಾದ ಮಾಹಿತಿ ಬಿಲ್ಲಿಂಗ್ ತಂತ್ರಾಂಶಕ್ಕೆ ತಲುಪಿರಲಿಲ್ಲ. ಹಿಂದಿನ ಅಂಕಿ 1846, ಈಗಿನ ಅಂಕಿ 16 ಎಂದು ಕಂಡ ತಂತ್ರಾಂಶವು, ನಾಲ್ಕು ಅಂಕಿಯ ಮೀಟರು 9999 ಮುಟ್ಟಿ ಮತ್ತೆ ಸೊನ್ನೆಯಿಂದ ಸುತ್ತಿ ಬಂದಿದೆ ಎಂದು ಲೆಕ್ಕ ಹಾಕಿತು. ಹತ್ತು ಸಾವಿರದಲ್ಲಿ 1846 ಕಳೆದು 16 ಕೂಡಿದರೆ ಸಿಗುವುದು 8,170. ಮೀಟರು ಬದಲಾದ ಮರುತಿಂಗಳೇ ಬಿಲ್ಲು ಸಾವಿರಗಳಲ್ಲಿ ಬಂದರೆ ಮೊದಲು ಮಾಡಿ ನೋಡಬೇಕಾದ ಲೆಕ್ಕ ಇದು. ಬಿಲ್ಲಿನ ಅಂಕಿಗೆ ಇದು ಸರಿಯಾಗಿ ಹೊಂದಿದರೆ ಸೋರಿಕೆಯನ್ನು ಹುಡುಕುತ್ತ ನೆಲ ಅಗೆಯಬೇಕಾಗಿಲ್ಲ.

ಜೂನ್ 6ರಂದು ದೂರು ದಾಖಲಾಯಿತು. ಅದಕ್ಕೆ 417 ಎಂಬ ಸಂಖ್ಯೆ ದೊರೆಯಿತು. 19ರಂದು ಕಿರಿಯ ಅಭಿಯಂತರರು ಸ್ಥಳಕ್ಕೆ ಬಂದು ನೋಡಿದರು. ಮೀಟರ್ ಬದಲಾವಣೆಯ ಚೀಟಿಯ ಕಾರ್ಬನ್ ಪ್ರತಿಯನ್ನು ಮೇಷ್ಟ್ರು ಹಳೆಯ ಪಂಚಾಂಗದ ನಡುವೆ ಜೋಪಾನವಾಗಿ ಇಟ್ಟುಕೊಂಡಿದ್ದರು. ಚೀಟಿಯ ಅಂಚು ಮಡಚಿ ನೀಲಿ ಮಸಿ ಹರಡಿದ್ದರೂ 1855 ಎಂಬ ಅಂಕಿಯೂ ಸಿಬ್ಬಂದಿಯ ಸಹಿಯೂ ಸ್ಪಷ್ಟವಾಗಿದ್ದವು. ಜೂನ್ 28ರಂದು 24 ಯೂನಿಟ್‌ಗಳ ತಿದ್ದುಪಡಿ ಬಿಲ್ಲು ಬಂತು, ಜುಲೈ 1ರಂದು ಮೇಷ್ಟ್ರು ಅದನ್ನು ಪಾವತಿಸಿದರು. ಮರುದಿನವೇ ಕೃತಜ್ಞತಾ ಪತ್ರದ ಕರಡನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಈ ಕರಡು.

ಅದರಲ್ಲಿ ಹೀಗಿತ್ತು: "ತಮ್ಮ ಇಲಾಖೆಯಿಂದ ನಮಗೆ ಉಂಟಾಗಿದ್ದ ಎಲ್ಲ ತೊಂದರೆಗಳೂ ಸಂಪೂರ್ಣವಾಗಿ ನಿವಾರಣೆಯಾಗಿರುತ್ತವೆ. ಇನ್ನು ಮುಂದೆ ಈ ಬಗ್ಗೆ ನಮ್ಮದು ಯಾವುದೇ ತಕರಾರು ಇರುವುದಿಲ್ಲ. ತಮ್ಮ ಸಿಬ್ಬಂದಿಯು ನಿಯಮವನ್ನು ಬದಿಗಿಟ್ಟು ಕಚೇರಿಯ ರಿಜಿಸ್ಟರಿನ ಪುಟದ ಫೋಟೋವನ್ನು ನಮ್ಮ ಮೊಬೈಲಿಗೆ ಕಳುಹಿಸಿ ಉಪಕರಿಸಿದ್ದನ್ನು ಎಂದಿಗೂ ಮರೆಯಲಾರೆವು. ಇದೇ ಸಂದರ್ಭದಲ್ಲಿ ನಮ್ಮ ಬೀದಿಗೆ ಬೆಳಗಿನ ಹೊತ್ತು ನೀರಿನ ಒತ್ತಡ ಕಡಿಮೆ ಇರುವ ಕಡೆಗೂ ತಾವು ಗಮನ ಹರಿಸಬೇಕೆಂದು ಕೋರುತ್ತೇವೆ."

ಬರೆದವರ ಮನಸ್ಸು ಎಷ್ಟು ಹಗುರವಾಗಿತ್ತು ಎಂಬುದು ಪ್ರತಿ ಸಾಲಿನಲ್ಲೂ ಕಾಣುತ್ತಿತ್ತು, ಅದರ ಬಗ್ಗೆ ನನಗೆ ಗೌರವವೇ ಇತ್ತು. ಆದರೂ ಆ ಪತ್ರವನ್ನು ಆ ದಿನ ಕೊಡುವುದು ಬೇಡವೆಂದೆ. ಮೇಷ್ಟ್ರಿಗೆ ಸ್ವಲ್ಪ ಬೇಸರವಾಯಿತು. "ಕೆಲಸ ಮಾಡಿಕೊಟ್ಟವರಿಗೆ ಒಂದು ಮಾತು ಹೇಳೋದಕ್ಕೂ ತಡ ಮಾಡಬೇಕೇನ್ರೀ?" ಎಂದರು. "ಬಾಯಿಮಾತಿನಲ್ಲಿ ಇವತ್ತೇ ಹೇಳಿ ಮೇಷ್ಟ್ರೇ, ಬರವಣಿಗೆಯಲ್ಲಿ ಮಾತ್ರ ಮುಂದಿನ ಬಿಲ್ಲು ಬಂದ ಮೇಲೆ ಕೊಡೋಣ" ಎಂದೆ.

ಇದಕ್ಕೆ ಕಾರಣವಿದೆ. ಕಚೇರಿಯ ಟಪಾಲಿಗೆ ಸೇರಿದ ಕ್ಷಣದಿಂದ ಕೃತಜ್ಞತಾ ಪತ್ರವು ಬರಿಯ ಸೌಜನ್ಯದ ಮಾತಾಗಿ ಉಳಿಯುವುದಿಲ್ಲ. ಅದು ದೂರಿನ ಕಡತದೊಳಗೆ ಕೊನೆಯ ಹಾಳೆಯಾಗಿ ಕೂರುತ್ತದೆ, ಮತ್ತು ಕಡತವನ್ನು ಮುಕ್ತಾಯಗೊಳಿಸುವ ಗುಮಾಸ್ತರು ತಮ್ಮ ಟಿಪ್ಪಣಿಯಲ್ಲಿ "ದೂರುದಾರರು ತಮ್ಮ ದೂರು ಪೂರ್ಣವಾಗಿ ಪರಿಹಾರವಾಗಿದೆಯೆಂದು ಲಿಖಿತವಾಗಿ ತಿಳಿಸಿರುವುದರಿಂದ" ಎಂದು ಆಧಾರ ತೋರಿಸುವುದು ಅದನ್ನೇ. "ಎಲ್ಲ ತೊಂದರೆಗಳೂ", "ಇನ್ನು ಮುಂದೆ ಯಾವುದೇ ತಕರಾರು ಇಲ್ಲ" ಎಂಬ ಮಾತುಗಳನ್ನು ನಾವು ವಿನಯಕ್ಕೆಂದು ಬರೆಯುತ್ತೇವೆ. ಓದುವವರಿಗೆ ಅವು ಒಪ್ಪಿಗೆಯ ಮಾತುಗಳು. ನಾಳೆ ಏನಾದರೂ ಉಳಿದದ್ದು ಕಂಡರೆ ಅದೇ ಸಂಖ್ಯೆಯಡಿ ಕೇಳುವ ದಾರಿ ಕಷ್ಟವಾಗುತ್ತದೆ. ಹೊಸ ದೂರು, ಹೊಸ ಸಂಖ್ಯೆ, ಹೊಸ ಸ್ಥಳ ಪರಿಶೀಲನೆ ಎಂದು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಜೂನ್ 30ರಂದು ಕಚೇರಿಯಿಂದ ದೂರವಾಣಿ ಕರೆಯೂ ಬಂದಿತ್ತು. ದೂರು ಮುಗಿಸಬಹುದೇ ಎಂದು ಕೇಳಿದ್ದರು. ಮೇಷ್ಟ್ರು ಹೂಂ ಎನ್ನುವವರಿದ್ದರು, ಸದ್ಯ ಮನೆಯವರು ಫೋನು ತೆಗೆದುಕೊಂಡು "ಮುಂದಿನ ಬಿಲ್ಲು ನೋಡಿ ಹೇಳ್ತೀವಿ" ಎಂದಿದ್ದರು. ಅವರ ಆ ಒಂದು ಮಾತು ಮುಂದಿನ ಎಷ್ಟೋ ಓಡಾಟವನ್ನು ತಪ್ಪಿಸಿತು ಎಂದು ನಾನು ನಂಬಿದ್ದೇನೆ.

ಮುಂದಿನ ಬಿಲ್ಲನ್ನೇ ಏಕೆ ಕಾಯಬೇಕು ಎಂಬ ಪ್ರಶ್ನೆ ಸಹಜ. ತಿದ್ದುಪಡಿ ಬಿಲ್ಲು ಒಂದು ತಿಂಗಳ ಅಂಕಿಯನ್ನು ಸರಿಪಡಿಸುತ್ತದೆ, ಆದರೆ ಖಾತೆಯ ಒಳಗೆ ಆ ತಪ್ಪು ಅಂಕಿಯನ್ನು ಆಧರಿಸಿ ಬೇರೇನು ಹುಟ್ಟಿಕೊಂಡಿದೆ ಎಂಬುದನ್ನು ಅದು ತೋರಿಸುವುದಿಲ್ಲ. ಅದು ಕಾಣುವುದು ಮರುತಿಂಗಳ ಬಿಲ್ಲಿನ "ಹಿಂದಿನ ಬಾಕಿ" ಎಂಬ ಸಾಲಿನಲ್ಲಿ. ಜುಲೈ 4ರಂದು ಬಂದ ಬಿಲ್ಲಿನಲ್ಲಿ ಆಗಿದ್ದೂ ಅದೇ. ಬಳಕೆ ಸರಿಯಾಗಿತ್ತು, ಹೊಸ ಮೀಟರಿನ ಹಿಂದಿನ ಅಂಕಿ 16 ಎಂದು ಸರಿಯಾಗಿಯೇ ಇತ್ತು, ಆದರೆ ಬಾಕಿಯ ಸಾಲಿನಲ್ಲಿ ಒಂದು ಮೊತ್ತ ಕುಳಿತಿತ್ತು. ಜೂನ್ 20 ಮೊದಲ ಬಿಲ್ಲಿನ ಪಾವತಿಗೆ ಕೊನೆಯ ದಿನವಾಗಿತ್ತು. ಆ ದಿನ ದಾಟುತ್ತಲೇ 8,170 ಯೂನಿಟ್‌ನ ಮೊತ್ತದ ಮೇಲೆ ವಿಳಂಬ ಶುಲ್ಕ ತಾನಾಗಿ ಸೇರಿಕೊಂಡಿತ್ತು. 28ರಂದು ಬಿಲ್ಲನ್ನು ತಿದ್ದಿದವರು ಬಳಕೆಯ ಮೊತ್ತವನ್ನು ಹಿಂಪಡೆದಿದ್ದರೇ ಹೊರತು, ಪ್ರತ್ಯೇಕ ನಮೂದಾಗಿದ್ದ ಶುಲ್ಕ ಹಾಗೆಯೇ ಉಳಿದುಹೋಗಿತ್ತು. ಯಾರದೂ ದುರುದ್ದೇಶವಿರಲಿಲ್ಲ, ತಿದ್ದುವವರ ಕಣ್ಣಿಗೆ ಅದು ಬೀಳುವ ಜಾಗದಲ್ಲಿರಲಿಲ್ಲ. ಆದರೆ ಜುಲೈ 2ರ ಪತ್ರವನ್ನು ಕೊಟ್ಟಿದ್ದರೆ, ಆ ಶುಲ್ಕವನ್ನು ಪ್ರಶ್ನಿಸುವಾಗ ಕಡತದಲ್ಲಿ ನಮ್ಮದೇ ಕೈಬರಹದ "ಯಾವುದೇ ತಕರಾರು ಇರುವುದಿಲ್ಲ" ನಮ್ಮೆದುರು ನಿಲ್ಲುತ್ತಿತ್ತು.

ಜುಲೈ 10ರಂದು ನಾಲ್ಕೇ ಸಾಲಿನ ಮನವಿಯೊಂದನ್ನು ಅದೇ 417ರ ಉಲ್ಲೇಖದೊಂದಿಗೆ ಕೊಟ್ಟೆವು. 24ರಂದು ಶುಲ್ಕ ರದ್ದಾಯಿತು. ಆಗಸ್ಟ್ 4ರ ಬಿಲ್ಲಿನಲ್ಲಿ ಹಿಂದಿನ ಬಾಕಿ ಸೊನ್ನೆ ಎಂದಿತ್ತು. ಆಗ ಕೃತಜ್ಞತಾ ಪತ್ರ ಬರೆಯಲು ಕುಳಿತೆವು.

ಹಳೆಯ ಕರಡಿನಿಂದ ಮೊದಲು ತೆಗೆದದ್ದು ರಿಜಿಸ್ಟರಿನ ಫೋಟೋದ ಮಾತು. ಮೇಷ್ಟ್ರು ಇದನ್ನು ಬಿಡಲು ಒಪ್ಪಲಿಲ್ಲ, ಏಕೆಂದರೆ ಅವರ ಮಟ್ಟಿಗೆ ನಿಜವಾಗಿ ಸಹಾಯ ಮಾಡಿದವರು ಆ ಸಿಬ್ಬಂದಿಯೇ. ಆದರೆ ಕಚೇರಿಯ ದಾಖಲೆಯ ಫೋಟೋವನ್ನು ಅನುಮತಿಯಿಲ್ಲದೆ ಹೊರಗೆ ಕೊಟ್ಟರು ಎಂಬ ವಾಕ್ಯ, "ನಿಯಮವನ್ನು ಬದಿಗಿಟ್ಟು" ಎಂಬ ಹೊಗಳಿಕೆಯ ಸಮೇತ, ಅವರ ಮೇಲಧಿಕಾರಿಯ ಮೇಜಿಗೆ ಹೋಗುತ್ತದೆ. ಒಳ್ಳೆಯ ಮನಸ್ಸಿನಿಂದ ಬರೆದ ಆ ಸಾಲು ಆ ಮನುಷ್ಯನಿಗೆ ಕಾರಣ ಕೇಳುವ ನೋಟಿಸಾಗಿ ತಲುಪುವ ಸಾಧ್ಯತೆ ಇತ್ತು. ಇದನ್ನು ವಿವರಿಸಿದಾಗ ಮೇಷ್ಟ್ರು ಸುಮ್ಮನಾದರು. ಆ ಸಿಬ್ಬಂದಿಗೆ ತಾವೇ ಮುಖತಃ ವಂದನೆ ಹೇಳಿ ಬರುವುದಾಗಿ ತಿಳಿಸಿದರು. ಪತ್ರದಲ್ಲಿ ಹೊಗಳಬಹುದಾದದ್ದು ಅಧಿಕೃತ ಕರ್ತವ್ಯದ ವ್ಯಾಪ್ತಿಯಲ್ಲೇ ಚೆನ್ನಾಗಿ ಮಾಡಿದ ಕೆಲಸವನ್ನು ಮಾತ್ರ: ಯಾರು ಸ್ಥಳಕ್ಕೆ ಬಂದರು, ಯಾವ ದಾಖಲೆಗಳನ್ನು ತಾಳೆ ನೋಡಿದರು, ಎಂದು ಆದೇಶ ಮಾಡಿದರು. ಹೀಗೆ ಕೆಲಸವನ್ನು ಹೆಸರಿಸಿ ಬರೆದ ಕೃತಜ್ಞತೆ, "ತಮ್ಮ ಅಮೂಲ್ಯ ಸಹಕಾರಕ್ಕೆ ಚಿರಋಣಿ" ಎಂಬ ಮಾತಿಗಿಂತ ಆ ಅಧಿಕಾರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವರ ಮೇಲಧಿಕಾರಿ ಅದನ್ನು ಓದಿದಾಗ ಏನಾಯಿತೆಂದು ತಿಳಿಯುತ್ತದೆ.

ನೀರಿನ ಒತ್ತಡದ ಕೋರಿಕೆಯನ್ನೂ ತೆಗೆದೆವು. ಬೇಡಿಕೆ ನ್ಯಾಯವಾದದ್ದೇ, ಆದರೆ ಅದರ ಜಾಗ ಇದಲ್ಲ. ಒಂದೇ ಹಾಳೆಯಲ್ಲಿ ಒಂದು ವಿಷಯವನ್ನು ಮುಗಿಸಿ ಇನ್ನೊಂದನ್ನು ತೆರೆದರೆ ಟಪಾಲು ವಿಭಾಗದವರು ಅದನ್ನು ಯಾವ ಶಾಖೆಗೆ ಕಳುಹಿಸಬೇಕು? ಬಿಲ್ಲಿನ ಶಾಖೆಗೆ ಹೋದರೆ ಒತ್ತಡದ ಮಾತು ಮುಕ್ತಾಯಗೊಂಡ ಕಡತದೊಳಗೆ ಹೂತುಹೋಗುತ್ತದೆ, ನಿರ್ವಹಣಾ ಶಾಖೆಗೆ ಹೋದರೆ ಮುಕ್ತಾಯದ ಒಪ್ಪಿಗೆ ಕಡತಕ್ಕೆ ಸೇರುವುದೇ ಇಲ್ಲ. ಅದಕ್ಕೂ ಮೇಲಾಗಿ, ಹೊಸ ಬೇಡಿಕೆಯನ್ನು ಬಾಲಕ್ಕೆ ಕಟ್ಟಿದ ಕೃತಜ್ಞತೆಯನ್ನು ಯಾರೂ ಕೃತಜ್ಞತೆಯೆಂದು ಓದುವುದಿಲ್ಲ. ಒತ್ತಡದ ಬಗ್ಗೆ ಹದಿನೈದು ದಿನ ಬಿಟ್ಟು ಬೀದಿಯವರೆಲ್ಲ ಸೇರಿ ಬೇರೆ ಮನವಿ ಕೊಟ್ಟರು.

ಕೊನೆಗೆ ಸಿದ್ಧವಾದ ಪತ್ರ ಇದು:

ದಿನಾಂಕ: 07-08-2023

ಇವರಿಂದ: (ಹೆಸರು, ವಿಳಾಸ, ನಲ್ಲಿ ಸಂಪರ್ಕದ ಸಂಖ್ಯೆ)

ಇವರಿಗೆ: ಸಹಾಯಕ ಕಾರ್ಯಪಾಲಕ ಅಭಿಯಂತರರು, ನೀರು ಸರಬರಾಜು ಉಪವಿಭಾಗ

ಮಾನ್ಯರೇ,

ವಿಷಯ: 2023ರ ಜೂನ್ ತಿಂಗಳ ನೀರಿನ ಬಿಲ್ಲಿನ ದೂರು ಪರಿಹಾರವಾದ ಬಗ್ಗೆ ಕೃತಜ್ಞತೆ ಹಾಗೂ ಕಡತ ಮುಕ್ತಾಯಕ್ಕೆ ಒಪ್ಪಿಗೆ.

ಉಲ್ಲೇಖ: ದೂರು ಸಂಖ್ಯೆ 417, ದಿನಾಂಕ 06-06-2023, ನನ್ನ ಮನವಿ, ದಿನಾಂಕ 10-07-2023.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೀಟರ್ ಬದಲಾವಣೆಯ ನಂತರ ಬಂದ 03-06-2023ರ ಬಿಲ್ಲಿನಲ್ಲಿ ಬಳಕೆ 8,170 ಯೂನಿಟ್ ಎಂದು ನಮೂದಾಗಿದ್ದ ಬಗ್ಗೆ ನಾನು ದೂರು ಸಲ್ಲಿಸಿದ್ದೆ. ದಿನಾಂಕ 28-06-2023ರಂದು ಅದನ್ನು 24 ಯೂನಿಟ್‌ಗಳಿಗೆ ತಿದ್ದಲಾಗಿದ್ದು, ತಿದ್ದುಪಡಿ ಮೊತ್ತವನ್ನು 01-07-2023ರಂದು ಪಾವತಿಸಿದ್ದೇನೆ. ಮೂಲ ಬಿಲ್ಲಿನ ಮೇಲೆ ಸೇರಿದ್ದ ವಿಳಂಬ ಶುಲ್ಕವನ್ನು 24-07-2023ರಂದು ರದ್ದುಪಡಿಸಲಾಗಿದೆ. ದಿನಾಂಕ 04-08-2023ರ ಬಿಲ್ಲಿನಲ್ಲಿ ಹಿಂದಿನ ಬಾಕಿ ಸೊನ್ನೆ ಎಂದು ನಮೂದಾಗಿದೆ.

ಸ್ಥಳಕ್ಕೆ ಬಂದು ಮೀಟರ್ ಬದಲಾವಣೆಯ ಚೀಟಿಯನ್ನು ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡಿದ ಕಿರಿಯ ಅಭಿಯಂತರರಿಗೂ, ವಿಳಂಬ ಶುಲ್ಕದ ನಮೂದನ್ನು ಗುರುತಿಸಿ ಸರಿಪಡಿಸಿದ ಲೆಕ್ಕ ಶಾಖೆಯವರಿಗೂ, ತಮಗೂ ನನ್ನ ಕುಟುಂಬದ ಪರವಾಗಿ ಹೃತ್ಪೂರ್ವಕ ವಂದನೆಗಳು.

ಉಲ್ಲೇಖಿತ ದೂರಿನಲ್ಲಿ ನಾನು ಎತ್ತಿದ್ದ ಈ ಎರಡು ಅಂಶಗಳು ಇತ್ಯರ್ಥವಾಗಿರುವುದರಿಂದ, ದೂರು ಸಂಖ್ಯೆ 417ರ ಕಡತವನ್ನು ಮುಕ್ತಾಯಗೊಳಿಸಬಹುದೆಂದು ತಿಳಿಸುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: 28-06-2023ರ ತಿದ್ದುಪಡಿ ಬಿಲ್ಲು, ಪಾವತಿ ರಸೀದಿ ಮತ್ತು 04-08-2023ರ ಬಿಲ್ಲಿನ ಪ್ರತಿಗಳು.
ಪ್ರತಿ: ಕಾರ್ಯಪಾಲಕ ಅಭಿಯಂತರರು, ಮಾಹಿತಿಗಾಗಿ.

ಈ ಪತ್ರದ ಕೊನೆಯ ವಾಕ್ಯವನ್ನು ಬರೆಯುವುದಕ್ಕೆ ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. "ದೂರು ಪರಿಹಾರವಾಗಿದೆ" ಎಂದಷ್ಟೇ ಬರೆಯಬಹುದಿತ್ತು. "ಈ ಎರಡು ಅಂಶಗಳು" ಎಂದು ಸೀಮಿತಗೊಳಿಸಿದ್ದು ಅಪನಂಬಿಕೆಯಿಂದಲ್ಲ. ಒಪ್ಪಿಗೆಯನ್ನು ನಾವು ನೋಡಿ ಖಚಿತಪಡಿಸಿಕೊಂಡಷ್ಟಕ್ಕೆ ಮಾತ್ರ ಕೊಡುವುದು ಸತ್ಯಕ್ಕೂ ಹತ್ತಿರ, ಓದುವವರಿಗೂ ಸ್ಪಷ್ಟ. ಹಾಗೆಯೇ ಪ್ರತಿಯೊಂದು ಕ್ರಮಕ್ಕೂ ದಿನಾಂಕ ಹಾಕಿದ್ದರಿಂದ ವಿಶೇಷಣಗಳ ಅಗತ್ಯವೇ ಬೀಳಲಿಲ್ಲ. ದೂರಿನ ಮೊದಲ ದಿನಗಳಲ್ಲಿ ಒಬ್ಬರು ಒರಟಾಗಿ ಮಾತನಾಡಿದ್ದನ್ನು ಬರೆಯಬೇಕೇ ಎಂಬ ಪ್ರಶ್ನೆಯೂ ಬಂದಿತ್ತು. ಆ ಅಸಮಾಧಾನಕ್ಕೆ ಬೇಕಾದರೆ ಪ್ರತ್ಯೇಕ ಪತ್ರವಿರಲಿ, ಇಲ್ಲವೇ ಬಿಟ್ಟುಬಿಡೋಣ ಎಂದುಕೊಂಡೆವು. ಮೇಷ್ಟ್ರು ಬಿಟ್ಟುಬಿಟ್ಟರು.

ಕೆಲಸ ಅರ್ಧ ಆಗಿರುವಾಗಲೇ ವಂದನೆ ಹೇಳಬೇಕಾದ ಸಂದರ್ಭವೂ ಬರುತ್ತದೆ, ಉದಾಹರಣೆಗೆ ನೆರವಾದ ಅಧಿಕಾರಿ ವರ್ಗಾವಣೆಯಾಗಿ ಹೊರಡುವಾಗ. ಆಗ ಪತ್ರದಲ್ಲಿ "ಮುಕ್ತಾಯ" ಎಂಬ ಪದವೇ ಇರಬಾರದು. ಆದದ್ದನ್ನು ಹೇಳಿ ವಂದಿಸಿ, ಬಾಕಿ ಇರುವುದನ್ನು ಒಂದು ವಾಕ್ಯದಲ್ಲಿ ನಮೂದಿಸಿದರೆ ಸಾಕು. ಹಣ ಮರಳಿ ಬರಬೇಕಾದ ಪ್ರಕರಣಗಳಲ್ಲಿ ಆದೇಶವಾದ ದಿನವನ್ನಲ್ಲ, ಹಣ ಖಾತೆಗೆ ಜಮೆಯಾದ ದಿನವನ್ನು ಕಾಯಬೇಕು. ವಿಷಯ ನ್ಯಾಯಾಲಯದಲ್ಲಿದ್ದರೆ ವಕೀಲರಿಗೆ ತೋರಿಸದೆ ಇಂಥ ಪತ್ರ ಕೊಡುವುದು ಸಲ್ಲದು.

ಆಗಸ್ಟ್ 7ರಂದು ಮೇಷ್ಟ್ರು ಎರಡು ಪ್ರತಿಗಳನ್ನು ತೆಗೆದುಕೊಂಡು ಹೋದರು. ಒಂದನ್ನು ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡರು. ವಂದನೆಯ ಪತ್ರಕ್ಕೂ ಸ್ವೀಕೃತಿ ಬೇಕೇ ಎಂದು ಅಲ್ಲಿದ್ದವರು ಆಶ್ಚರ್ಯಪಟ್ಟರಂತೆ. ಸಹಾಯಕ ಕಾರ್ಯಪಾಲಕ ಅಭಿಯಂತರರು ಅವರನ್ನು ಒಳಗೆ ಕರೆಸಿ ಪತ್ರವನ್ನು ಅಲ್ಲೇ ಓದಿ, ಅಂಚಿನಲ್ಲಿ "ಕಡತಕ್ಕೆ ಸೇರಿಸಿ ಮುಕ್ತಾಯಗೊಳಿಸಿ" ಎಂದು ಷರಾ ಬರೆದರು. ಕಿರಿಯ ಅಭಿಯಂತರರನ್ನು ಕರೆದು ತೋರಿಸಿದರು.

ಸೆಪ್ಟೆಂಬರ್ ಮೂರನೆಯ ವಾರದಲ್ಲಿ ನಲ್ಲಿ ಸಂಪರ್ಕ ಕಡಿತಗೊಳಿಸುವ ತಂಡ ಮೇಷ್ಟ್ರ ಬಾಗಿಲಿಗೆ ಬಂತು. ಅವರ ಕೈಯಲ್ಲಿದ್ದ ಬಾಕಿದಾರರ ಪಟ್ಟಿಯನ್ನು ಜೂನ್ 25ರಂದು ತೆಗೆಯಲಾಗಿತ್ತು. ಬಿಲ್ಲು ತಿದ್ದುವುದಕ್ಕೆ ಮೂರು ದಿನ ಮೊದಲಿನ ಪಟ್ಟಿಯಾದ್ದರಿಂದ ಅದರಲ್ಲಿ 8,170 ಯೂನಿಟ್‌ನ ಮೊತ್ತ ಹಾಗೆಯೇ ಇತ್ತು. ಕಡಿತದ ತಂಡ ಬೇರೆ ಶಾಖೆಯದು, ದೂರಿನ ಕಡತವನ್ನು ಅವರು ಕಂಡವರಲ್ಲ. ಮೇಷ್ಟ್ರು ಮೊಹರಿದ್ದ ಪ್ರತಿಯನ್ನೂ ಆಗಸ್ಟ್ ಬಿಲ್ಲನ್ನೂ ತಂದು ತೋರಿಸಿದರು. ತಂಡದ ಮುಖ್ಯಸ್ಥರು ದೂರು ಸಂಖ್ಯೆಯನ್ನೂ ರದ್ದತಿಯ ದಿನಾಂಕವನ್ನೂ ಬರೆದುಕೊಂಡು, ಕಚೇರಿಗೆ ಫೋನು ಮಾಡಿ ಎರಡು ನಿಮಿಷ ಮಾತನಾಡಿ, ಪಟ್ಟಿಯಲ್ಲಿದ್ದ ಆ ಸಾಲಿನ ಮೇಲೆ ಗೆರೆ ಎಳೆದು ಮುಂದಿನ ಮನೆಗೆ ಹೋದರು.